ಅಕ್ಕ ಮನೆ ಬಿಡ್ತಿದ್ದಾಳೆ, ಚೀಟಿಯಲ್ಲಿ ಏನು ಬರೀಲಿ?

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೀನಿ. ಆರು ವರ್ಷದಿಂದ ಒಬ್ಬ ನರ್ಸ್ ಅಕ್ಕನ ಜೊತೆ ಗಾಂಧಿನಗರದ ಕಡೆ ಮೇಲ್ಮನೆ ಬಾಡಿಗೆಗೆ ಹಿಡ್ಕೊಂಡಿದ್ದೀನಿ. ಅಕ್ಕನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೋಗ್ತಾಳೆ. ಒಂದು ಚೀಟಿ ಬರೆದು ಕೊಡೋಣ ಅಂತ ಕೂತರೆ ಶಾಲೆಯ ಬೀಳ್ಕೊಡುಗೆ ಭಾಷಣದ ಥರ ಬರ್ತದೆ. ಹೋದ ವರ್ಷ ದೊಡ್ಡ ಜಗಳ ಆಗಿ ಎರಡು ತಿಂಗಳು ಮಾತು ಬಿಟ್ಟಿದ್ವಿ. ಅದನ್ನ ಬರೀಬೇಕಾ, ಬಿಡಬೇಕಾ? ಡೆಪಾಸಿಟ್ ಲೆಕ್ಕನೂ ಬಾಕಿ ಇದೆ.

ಉತ್ತರ: ನೀವು ಬರೆದ ಕರಡನ್ನೂ ಕಳಿಸಿದ್ದು ಒಳ್ಳೆಯದಾಯಿತು. ಅದರ ಮೊದಲ ಸಾಲುಗಳು ಹೀಗಿವೆ: "ಪ್ರೀತಿಯ ಅಕ್ಕನವರಿಗೆ, ತಾವು ನಮ್ಮನ್ನು ಅಗಲಿ ಹೋಗುತ್ತಿರುವ ಈ ಸಂದರ್ಭದಲ್ಲಿ ಮನಸ್ಸು ಭಾರವಾಗಿದೆ. ತಮ್ಮೊಂದಿಗೆ ಕಳೆದ ಮಧುರ ಕ್ಷಣಗಳು ಎಂದೆಂದಿಗೂ ಮರೆಯಲಾಗದವು. ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ." ಬೇಜಾರು ಮಾಡ್ಕೋಬೇಡಿ, ಇದನ್ನು ಓದಿದರೆ ಪೇಪರಿನ ಶ್ರದ್ಧಾಂಜಲಿ ಪುಟ ನೆನಪಾಗುತ್ತದೆ. ತಪ್ಪು ನಿಮ್ಮದಲ್ಲ. ನಾವೆಲ್ಲ ಶಾಲೆಯಲ್ಲಿ ಪತ್ರಲೇಖನ ಅಂತ ಕಲಿತದ್ದು ಇದನ್ನೇ, ಆಮೇಲೆ ಸೆಂಡಾಫ್ ಸಮಾರಂಭಗಳಲ್ಲಿ ಕೇಳಿದ್ದೂ ಇದನ್ನೇ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನ್ನ ಹತ್ತಿರ ನಿವೃತ್ತಿಯ ಭಾಷಣ, ವರ್ಗಾವಣೆಯ ಭಾಷಣ ತಿದ್ದಿಸಿಕೊಳ್ಳಲು ಬರುವವರು ಜಾಸ್ತಿ. ಅವರ ಕರಡುಗಳಲ್ಲೂ ಇವೇ ಸಾಲುಗಳು ಇರುತ್ತವೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಚೀಟಿಯ ಮೇಲಿರುವ ಹೆಸರನ್ನು ಕೈಯಲ್ಲಿ ಮುಚ್ಚಿ. ಉಳಿದದ್ದನ್ನು ನಿಮ್ಮ ಮ್ಯಾನೇಜರ್ ನಿವೃತ್ತಿಯಾದಾಗ ಓದಿದರೂ ನಡೆಯುತ್ತದಾ? ನಡೆಯುತ್ತದೆ ಅಂದರೆ ಅದು ಅಕ್ಕನಿಗೆ ಬರೆದ ಚೀಟಿ ಅಲ್ಲ. ನಿಮ್ಮ ಕರಡಿನ ಮೂರು ಸಾಲೂ ಈ ಪರೀಕ್ಷೆಯಲ್ಲಿ ಬಿದ್ದುಹೋದವು.

ಅದಕ್ಕೇ ನಾನು ನಿಮ್ಮನ್ನು ಮತ್ತೆ ಕೇಳಿದ್ದು: ಇಬ್ಬರೂ ದಿನದ ಯಾವ ಹೊತ್ತಿನಲ್ಲಿ ಎದುರುಬದುರು ಆಗ್ತಿದ್ರಿ? ಒಬ್ಬರಿಗೊಬ್ಬರು ದಿನಾ ಏನು ಮಾಡಿಕೊಡ್ತಿದ್ರಿ? ಜಗಳ ನಿಜವಾಗಿ ಯಾವ ಮಾತಿಗೆ ಆಯಿತು? ನೆನಪು ಹೇಳಿ, ಭಾವನೆ ಹೇಳಿ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಮತ್ತೆ "ಮಧುರ ಕ್ಷಣ"ಗಳೇ ಬರುತ್ತವೆ. ವಸ್ತು, ಹೊತ್ತು, ಆಡಿದ ಮಾತು, ಇಷ್ಟನ್ನೇ ಕೇಳಬೇಕು. ಒಬ್ಬರೇ ಬರೆಯುವವರು ಮನೆಯೊಳಗೆ ಒಂದು ಸುತ್ತು ಹಾಕಿ ಅಡುಗೆಮನೆ, ಬಾಗಿಲ ಹಿಂದಿನ ಮೊಳೆ, ಮಾಳಿಗೆ, ಫ್ರಿಜ್ಜಿನ ಬಾಗಿಲು ಎಲ್ಲ ನೋಡ್ಕೊಂಡು, ಕಣ್ಣಿಗೆ ಬಿದ್ದದ್ದನ್ನು ಸುಮ್ನೆ ಪಟ್ಟಿ ಮಾಡಿದರೆ ಸಾಕು. ಮೊಬೈಲಿನಲ್ಲಿ ಆಕೆಯ ಜೊತೆ ಆಡಿದ ಹಳೆಯ ಮೆಸೇಜುಗಳನ್ನೂ ತೆಗೆದು ನೋಡಿ. ಫೋಟೋದಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ. ಫೋಟೋ ತೆಗೆಯುವುದು ಹಬ್ಬದ ದಿನ, ಮೆಸೇಜು ಕಳಿಸುವುದು "ಹಾಲು ಒಡೆದಿದೆ, ಬರ್ತಾ ತಗೊಂಬಾ" ಅನ್ನುವ ದಿನ.

ನೀವು ಕಳಿಸಿದ ಉತ್ತರದಲ್ಲಿ ಚೀಟಿಗೆ ಬೇಕಾದದ್ದೆಲ್ಲ ಇತ್ತು. ಅಕ್ಕನಿಗೆ ನೈಟ್ ಡ್ಯೂಟಿ ಇದ್ದಾಗ ಬೆಳಿಗ್ಗೆ ಎಂಟೂವರೆಗೆ ಮನೆಗೆ ಬರ್ತಾಳೆ, ನೀವು ಒಂಬತ್ತೂವರೆಗೆ ಹೊರಡ್ತೀರಿ. ಆ ಒಂದು ತಾಸಿನಲ್ಲಿ ಇಬ್ಬರೂ ಟೀ ಕುಡಿತೀರಿ, ಆಕೆ ನಿಮ್ಮ ಡಬ್ಬಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಾಕ್ತಾಳೆ, ನೀವು ಹೊರಡುವ ಮುಂಚೆ ಆಕೆಯ ಕೂಲರ್‌ಗೆ ನೀರು ತುಂಬ್ತೀರಿ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಮಲಗಬೇಕಾದವರಿಗೆ ಕೂಲರ್ ನೀರು ಅಂದರೆ ಏನು ಅಂತ ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾಳಿಗೆ ಕಾದು ಬೆಂಕಿಯಾಗುವ ಮೇಲ್ಮನೆಯಲ್ಲಂತೂ ನೀರಿಲ್ಲದ ಕೂಲರ್ ಬರೀ ಬಿಸಿಗಾಳಿ ಊದುತ್ತದೆ.

ಇದೇ ನಿಮ್ಮ ಚೀಟಿಯ ಎಳೆ. ಆರು ವರ್ಷವನ್ನೆಲ್ಲ ತುಂಬಲು ಹೋಗಬೇಡಿ. ಕೋಟೆ ಗುಡ್ಡ ಹತ್ತಿದ್ದು, ಕೌಲ್ ಬಜಾರಿನಲ್ಲಿ ಸೀರೆ ಆರಿಸಿದ್ದು, ಸಂಜೆ ಒಗ್ಗರಣೆ ಮಿರ್ಚಿ ತಿಂದದ್ದು ಅಂತ ಪಟ್ಟಿ ಮಾಡಿದ್ದೀರಲ್ಲ, ಎಲ್ಲವೂ ಚೆನ್ನಾಗಿವೆ. ಆದರೆ ಅಲ್ಲಿ ಬೇರೆ ಯಾರಿದ್ದರೂ ನಡೆಯುತ್ತಿತ್ತು. ಕೂಲರ್ ಮತ್ತು ರೊಟ್ಟಿ ನಿಮ್ಮಿಬ್ಬರದೇ. ಒಂದು ಎಳೆ ಹಿಡಿದು ಅದನ್ನೇ ಪೂರ್ತಿ ಬರೆದರೆ, ಬಿಟ್ಟದ್ದೆಲ್ಲ ಓದುವವರಿಗೆ ತಾನಾಗಿ ನೆನಪಾಗುತ್ತದೆ. ಎಲ್ಲವನ್ನೂ ಒಂದೊಂದು ಸಾಲು ಮುಟ್ಟಿಕೊಂಡು ಹೋದರೆ ಯಾವುದೂ ನೆನಪಾಗುವುದಿಲ್ಲ.

ಇನ್ನು ಜಗಳ. ನನ್ನ ಪ್ರಕಾರ ಬರೆಯಲೇಬೇಕು. ಎರಡು ತಿಂಗಳು ಮಾತು ಬಿಟ್ಟವರು ಅದರ ಸುದ್ದಿಯೇ ಇಲ್ಲದ ಚೀಟಿ ಕೊಟ್ಟರೆ, ಓದುವವರು ಅದನ್ನೇ ಹುಡುಕ್ತಾರೆ. ಸಿಗದಿದ್ದರೆ ಉಳಿದ ಒಳ್ಳೆಯ ಮಾತೂ ಸಪ್ಪೆ ಅನ್ನಿಸುತ್ತದೆ. ಆದರೆ ನಿಮ್ಮ ಕರಡಿನಲ್ಲಿ ಇರುವಂತೆ ಅಲ್ಲ. "ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ" ಅನ್ನುವುದು ಐವತ್ತು ಜನ ಸಹೋದ್ಯೋಗಿಗಳ ಮುಂದೆ ಹೇಳುವ ಮಾತು, ಅಲ್ಲಿ ಅದಕ್ಕೆ ಅರ್ಥ ಇದೆ, ಯಾರಿಗೆ ಏನು ನೋವಾಗಿದೆಯೋ ನಿಜವಾಗಿ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿದೆ. ಆಕೆಗೂ ಗೊತ್ತಿದೆ. ಗೊತ್ತಿರುವ ತಪ್ಪಿಗೆ "ಆಗಿದ್ದರೆ" ಅಂತ ಹಾಕಿದರೆ ಇವಳಿಗೆ ಈಗಲೂ ಒಪ್ಪಿಕೊಳ್ಳಲು ಮನಸ್ಸಿಲ್ಲ ಅಂತಲೇ ಆಕೆ ತಿಳ್ಕೋತಾಳೆ.

ನೀವು ಬರೆದ ಪ್ರಕಾರ ನಡೆದದ್ದು ಇಷ್ಟು. ಹೋದ ಮೇ ತಿಂಗಳಲ್ಲಿ ನಸುಕಿನಲ್ಲಿ ನಲ್ಲಿ ನೀರು ಬಿಟ್ಟರು. ಇಲ್ಲಿ ನಲ್ಲಿ ದಿನಾ ಬರುವುದಿಲ್ಲ, ಬಂದ ದಿನ ಎದ್ದು ಮೋಟರ್ ಹಾಕಿ ತುಂಬಿಸಿಕೊಳ್ಳಬೇಕು. ಅವತ್ತು ನೀವು ಏಳಲಿಲ್ಲ. ಅಕ್ಕ ಡ್ಯೂಟಿ ಮುಗಿಸಿ ಬಂದರೆ ಸ್ನಾನಕ್ಕೂ ನೀರಿಲ್ಲ. ಆಕೆ ಕೂಗಾಡಿದಳು, ನೀವು "ಬಾಡಿಗೆ ಅರ್ಧ ನಾನೂ ಕೊಡ್ತೀನಿ, ನಾನೇನು ನಿನ್ನ ಕೆಲಸದವಳಾ" ಅಂದಿರಿ. ಅಲ್ಲಿಗೆ ಮಾತು ನಿಂತಿತು.

ಇದನ್ನು ಓದಿದಾಗ ನನಗೆ ಕಂಡದ್ದು ನೀರಿಗಿಂತ ಬಾಡಿಗೆಯ ಮಾತು. ನೀರು ತುಂಬದಿರುವುದು ಮರೆವು, ಅದಕ್ಕೆ ಯಾರೂ ಎರಡು ತಿಂಗಳು ಮಾತು ಬಿಡಲ್ಲ. ದಿನಾ ಡಬ್ಬಿ ಕಟ್ಟಿಕೊಡುವವಳಿಗೆ ಬಾಡಿಗೆ ಲೆಕ್ಕ ತೋರಿಸಿದ್ದು ಆಕೆಗೆ ಚುಚ್ಚಿದೆ. ಇನ್ನೊಂದು ವಿಷಯ ನೀವೇ ಬರೆದಿದ್ದೀರಿ, ಆದರೆ ಅದರ ತೂಕ ನಿಮಗೆ ಗೊತ್ತಾಗಿಲ್ಲ ಅನ್ನಿಸುತ್ತದೆ. ಅವತ್ತು ಕೂಲರ್‌ಗೂ ನೀರಿರಲಿಲ್ಲ. ಅಂದರೆ ಆಕೆ ಹಗಲೆಲ್ಲ ಆ ಸೆಕೆಯಲ್ಲಿ ನಿದ್ದೆಯಿಲ್ಲದೆ ಹೊರಳಾಡಿ, ರಾತ್ರಿ ಮತ್ತೆ ವಾರ್ಡಿಗೆ ಹೋಗಿದ್ದಾಳೆ. ಚೀಟಿಯಲ್ಲಿ ಬರಬೇಕಾದದ್ದು ಇದು. ಆಕೆಗೆ ಏನಾಯಿತು ಅನ್ನುವುದು ನಿಮಗೆ ಗೊತ್ತಾಗಿದೆ ಅಂತ ಆಕೆಗೆ ತಿಳಿಯಬೇಕು, ಬರೀ "ಕ್ಷಮಿಸು" ಅನ್ನುವುದರಿಂದ ಅದು ತಿಳಿಯುವುದಿಲ್ಲ.

ಬರೆಯುವಾಗ ನಿಮ್ಮ ಪಾಲು ಮಾತ್ರ ಬರೆಯಿರಿ. ಆಕೆ ಕೂಗಾಡಿದ್ದರ ಸುದ್ದಿ ಬೇಡ. "ಆದರೂ ನೀನು ಹಾಗೆ ಕೂಗಬಾರದಿತ್ತು" ಅಂತ ಅರ್ಧ ಸಾಲು ಬಂದರೂ ಚೀಟಿ ಹೋಗಿ ಪಂಚಾಯ್ತಿ ಆಗುತ್ತದೆ. ಆಕೆ ಏನಾದರೂ ಉತ್ತರ ಕೊಡಲೇಬೇಕು ಅನ್ನಿಸುವ ಹಾಗೂ ಬರೆಯಬೇಡಿ. "ನನ್ನನ್ನು ಕ್ಷಮಿಸ್ತೀಯಾ?" ಅಂತ ಕೇಳಿದರೆ, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಪಾಪ ಆಕೆ ನಿಮ್ಮನ್ನು ಸಮಾಧಾನ ಮಾಡುತ್ತಾ ಕೂರಬೇಕು. ಹೇಳಿ ಬಿಟ್ಟುಬಿಡಿ. ನಾಲ್ಕೈದು ಸಾಲು ಸಾಕು, ಅದಕ್ಕಿಂತ ಉದ್ದವಾದರೆ ಇಡೀ ಚೀಟಿ ಜಗಳದ್ದೇ ಆಗಿಬಿಡುತ್ತದೆ.

ನೀನು, ನೀವು ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ "ಅಕ್ಕಾ, ನೀನು" ಅನ್ನುವವರು ಕಾಗದದ ಮೇಲೆ "ತಾವು" ಅಂದರೆ ಆಕೆಗೆ ನಗು ಬರುತ್ತದೆ, ಇಲ್ಲವೇ ಇವಳು ದೂರ ಆದಳು ಅನ್ನಿಸುತ್ತದೆ. ಬಾಯಲ್ಲಿ ಹೇಗೋ ಕಾಗದದಲ್ಲೂ ಹಾಗೇ. ಹಳೆಯ ಕಾಲದ ಕಾಗದಗಳಲ್ಲಿ "ಉಭಯಕುಶಲೋಪರಿ ಸಾಂಪ್ರತ" ಅಂತ ಶುರು ಮಾಡ್ತಿದ್ದರಲ್ಲ, ಅದರ ಬಾಲವೇ ಈಗಿನ "ಈ ಸಂದರ್ಭದಲ್ಲಿ". ಎರಡೂ ಬೇಡ. ಆದರೆ ಹಳೆಯ ರೂಢಿಯಲ್ಲಿ ಒಂದನ್ನು ಉಳಿಸಿಕೊಳ್ಳಿ: ಮೇಲೆ ಬಲಗಡೆ ಊರು, ತಾರೀಕು, ವರ್ಷ ಬರೆಯಿರಿ. ಮುಂದೆ ಯಾವತ್ತೋ ಪೆಟ್ಟಿಗೆಯ ತಳದಲ್ಲಿ ಸಿಕ್ಕಾಗ ಅದು ಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಚೀಟಿಯನ್ನು ಆಕೆ ಒಬ್ಬಳೇ ಓದುತ್ತಾಳೆ ಅಂದ್ಕೋಬೇಡಿ. ಹುಬ್ಬಳ್ಳಿಯಲ್ಲಿ ಸಾಮಾನು ಬಿಚ್ಚುವಾಗ ಆಕೆಯ ಅವ್ವ ಇರ್ತಾಳೆ, ತಮ್ಮ ಇರ್ತಾನೆ, ಯಾರೋ ಒಬ್ಬರು ಎತ್ತಿ ಓದಿಯೇ ಓದ್ತಾರೆ. ನಿಮ್ಮ ಪಟ್ಟಿಯಲ್ಲಿ ಆಕೆಗೆ ನೋಡಿದ ಗಂಡು ತಪ್ಪಿಹೋದ ರಾತ್ರಿಯ ವಿಷಯ ಇದೆ. ಅದು ನಿಮ್ಮಿಬ್ಬರ ನಡುವೆ ನಡೆದದ್ದೇ ಇರಬಹುದು, ಆದರೆ ಅದು ಆಕೆಯ ಗುಟ್ಟು, ನಿಮ್ಮ ಕೈಬರಹದಲ್ಲಿ ಹೊರಗೆ ಬರಬಾರದು. ಅದನ್ನು ಪೂರ್ತಿ ತೆಗೆದಿದ್ದೇನೆ.

ಇಷ್ಟು ನೋಡಿಕೊಂಡು, ನಿಮ್ಮದೇ ಮಾತುಗಳಿಂದ ಕಟ್ಟಿದರೆ ಚೀಟಿ ಹೆಚ್ಚುಕಡಿಮೆ ಹೀಗಾಗುತ್ತದೆ:

"ಅಕ್ಕಾ,

ಆರು ವರ್ಷ ಒಂದೇ ಮನೆಯಲ್ಲಿ ಇದ್ವಿ ಅಂತ ಎಲ್ಲರಿಗೂ ಹೇಳ್ತೀವಿ. ಆದರೆ ನಿನಗೆ ನೈಟ್ ಇದ್ದಾಗ ನಾವು ಸಿಗ್ತಿದ್ದದ್ದು ಬೆಳಿಗ್ಗೆ ಒಂದು ತಾಸು ಅಷ್ಟೇ. ನೀನು ಮೆಟ್ಟಿಲು ಹತ್ತೋ ಸದ್ದು ಕೇಳಿ ನಾನು ಟೀಗೆ ಇಡ್ತಿದ್ದೆ. ವಾರ್ಡಿನಲ್ಲಿ ಏನಾಯ್ತು ಅಂತ ನೀನು, ಕೌಂಟರಿನಲ್ಲಿ ಯಾರು ಬೈದರು ಅಂತ ನಾನು. ಆಮೇಲೆ ನನ್ನ ಡಬ್ಬಿಗೆ ರೊಟ್ಟಿ, ನಿನ್ನ ಕೂಲರ್‌ಗೆ ನೀರು. ಇದನ್ನ ನಾವು ಯಾವತ್ತೂ ಮಾತಾಡಿ ಗೊತ್ತು ಮಾಡ್ಕೊಂಡಿದ್ದಲ್ಲ, ಅದು ಹಂಗೇ ನಡೀತು.

ಹೋದ ಮೇ ತಿಂಗಳು ನಲ್ಲಿ ಬಂದಾಗ ನಾನು ಏಳಲಿಲ್ಲ. ಅವತ್ತು ಕೂಲರ್‌ಗೂ ನೀರಿರಲಿಲ್ಲ. ನೀನು ಹಗಲೆಲ್ಲ ನಿದ್ದೆ ಇಲ್ಲದೆ ರಾತ್ರಿ ಮತ್ತೆ ಡ್ಯೂಟಿಗೆ ಹೋದೆ. ನಾನು ಬಾಡಿಗೆ ಮಾತು ಆಡಿದೆ. ಆಡಬಾರದಿತ್ತು. ಮಾತು ಬಿಟ್ಟ ಎರಡು ತಿಂಗಳೂ ಡಬ್ಬಿಯಲ್ಲಿ ರೊಟ್ಟಿ ಇರ್ತಿತ್ತು. ನಾನು ತಿಂದು ಡಬ್ಬಿ ತೊಳೆದಿಟ್ಟೆ, ಒಂದು ಮಾತು ಹೇಳಲಿಲ್ಲ. ಈಗ ಹೇಳ್ತಿದ್ದೀನಿ.

ಕೂಲರ್ ಇಲ್ಲೇ ಇರಲಿ ಅಂದಿದ್ದೀ. ದುರ್ಗಮ್ಮನ ಸಿಡಿಬಂಡಿಗೆ ಬಾ. ಹಿಂದಿನ ದಿನವೇ ಬಾ, ಬಸ್ಸಿನಲ್ಲಿ ಬಂದು ಮಲಗೋಕೆ ನೀರು ತುಂಬಿಟ್ಟಿರ್ತೀನಿ.

ನಿನ್ನ ತಂಗಿ"

ಕೆಳಗೆ ನಿಮ್ಮ ಹೆಸರು ಹಾಕಿ. ಇದರಲ್ಲಿ ಥ್ಯಾಂಕ್ಸ್ ಇಲ್ಲ, ಮಿಸ್ ಮಾಡ್ಕೋತೀನಿ ಇಲ್ಲ, ಕಣ್ಣೀರೂ ಇಲ್ಲ, ಗಮನಿಸಿ. ಬೇಕಂತಲೇ ಬಿಟ್ಟದ್ದು. ರೊಟ್ಟಿ ತಿಂದೆ, ಹೇಳಲಿಲ್ಲ, ಈಗ ಹೇಳ್ತಿದ್ದೀನಿ ಅನ್ನುವಲ್ಲಿ ಥ್ಯಾಂಕ್ಸೂ ಬಂತು, ಕ್ಷಮೆಯೂ ಬಂತು. ಆಮೇಲೆ ಮತ್ತೆ "ಥ್ಯಾಂಕ್ಸ್ ಅಕ್ಕಾ" ಅಂತ ಸೇರಿಸಿದರೆ ಆ ಸಾಲಿನ ಬಲ ಹೋಗುತ್ತದೆ. ನಿಮ್ಮ ಕೈ ಅಲ್ಲಿ ತುರಿಸುತ್ತದೆ ಅಂತ ಗೊತ್ತು, ಸೇರಿಸಬೇಡಿ.

ಕೊನೆಯ ಸಾಲಿಗೆ ನಿಮ್ಮ ಕರಡಿನಲ್ಲಿ "ಸದಾ ಸಂಪರ್ಕದಲ್ಲಿರೋಣ" ಅಂತಿತ್ತು. ಅದರಲ್ಲಿ ಯಾರೂ ಏನೂ ಮಾಡಬೇಕಿಲ್ಲ, ಹಾಗಾಗಿ ಯಾರೂ ಮಾಡುವುದಿಲ್ಲ. ಕನಕದುರ್ಗಮ್ಮನ ಸಿಡಿಬಂಡಿ ಅಂದರೆ ದಿನ ಗೊತ್ತಿರುವ ಹಬ್ಬ, ಬರುವ ಕಾರಣ ಇದೆ, ಬಿಸಿಲೂ ಏರ್ತಿರುತ್ತದೆ, ಕೂಲರ್ ಮಾತು ಸುಳ್ಳಾಗುವುದಿಲ್ಲ. ನಿಮಗೆ ಬೇರೆ ದಿನ ಅನುಕೂಲ ಅಂದರೆ ಅದನ್ನೇ ಹಾಕಿ, ಆದರೆ ನೀವು ನಿಜವಾಗಿ ಮನೆಯಲ್ಲಿರುವ ದಿನ ಹಾಕಿ. ಮಾರ್ಚ್ ಕೊನೆಯಲ್ಲಿ ಬ್ಯಾಂಕಿನವರಿಗೆ ವರ್ಷದ ಲೆಕ್ಕ ಮುಗಿಸುವ ಗಲಾಟೆ ಇರುತ್ತದೆ, ಹಬ್ಬ ಆ ವಾರವೇ ಬಿದ್ದರೆ ಈಗಲೇ ನೋಡಿಕೊಳ್ಳಿ.

ಈಗ ಲೆಕ್ಕ. ಡೆಪಾಸಿಟ್ಟಿನ ಒಂದು ಅಕ್ಷರವೂ ಈ ಚೀಟಿಯಲ್ಲಿ ಬರಬಾರದು. ಅದಕ್ಕೆ ಬೇರೆ ಹಾಳೆ, ಬೇರೆ ದಿನ, ಮತ್ತು ಅದು ಚೀಟಿ ಕೊಡುವ ಮೊದಲೇ ಮುಗಿದಿರಬೇಕು. ಲೆಕ್ಕ ಬಾಕಿ ಇಟ್ಟುಕೊಂಡು ಪ್ರೀತಿಯ ಚೀಟಿ ಕೊಟ್ಟರೆ, ಇವಳು ದುಡ್ಡು ಕೇಳಬಾರದು ಅಂತ ಹೀಗೆ ಬರೆದಳಾ ಅನ್ನುವ ಅನುಮಾನ ಎಂಥ ಒಳ್ಳೆಯವರಿಗೂ ಬರುತ್ತದೆ. ನಿಮ್ಮ ಮನೆಗೆ ಡೆಪಾಸಿಟ್ 40,000, ಇಬ್ಬರೂ ತಲಾ 20,000 ಹಾಕಿದ್ದೀರಿ. ನೀವು ಮನೆ ಬಿಡುತ್ತಿಲ್ಲ, ಹಾಗಾಗಿ ಮಾಲೀಕರು ಈಗ ವಾಪಸ್ ಕೊಡುವುದಿಲ್ಲ. ಅಕ್ಕನ 20,000 ನೀವು ಕೊಡಬೇಕು, ಇಲ್ಲವೇ ಹೊಸದಾಗಿ ಬರುವವರು ಕೊಡಬೇಕು. ಹೊಸಬರು ಯಾವಾಗ ಬರ್ತಾರೋ ಗೊತ್ತಿಲ್ಲದಿದ್ದರೆ ಈಗ ಎಷ್ಟು, ಯಾವ ತಾರೀಕಿಗೆ ಉಳಿದದ್ದು ಅಂತ ಬರೆದು ಇಬ್ಬರೂ ಸಹಿ ಮಾಡಿ. ಮನೆ ಬಿಡುವಾಗ ಬಣ್ಣಕ್ಕೆ ಮಾಲೀಕರು ಹಿಡಿಯುವ ದುಡ್ಡಿನಲ್ಲಿ ಅಕ್ಕನ ಪಾಲು ಇದೆಯಾ ಅನ್ನುವುದನ್ನೂ ಈಗಲೇ ಮಾತಾಡಿ. ಜಗಳ ಆಗುವುದು ಸಾಮಾನ್ಯವಾಗಿ ಅಲ್ಲೇ. ಕೂಲರ್ ಅರ್ಧ ಅರ್ಧ ಹಾಕಿ ತಗೊಂಡದ್ದಾದರೆ ಅದೂ ಈ ಹಾಳೆಗೇ ಬರಬೇಕು. ಆಕೆ "ಇರಲಿ ಬಿಡು" ಅಂದರೂ ಒಂದು ಸಲ ಕೇಳಿಬಿಡಿ.

ಕರೆಂಟ್ ವಿಷಯದಲ್ಲಿ ಒಂದು ಗಂಟಿದೆ. ಗೃಹಜ್ಯೋತಿಗೆ ಈ ಮೀಟರಿನ ಆರ್.ಆರ್. ನಂಬರಿನ ಜೊತೆ ಅಕ್ಕನ ಆಧಾರ್ ಜೋಡಿಸಿದ್ದರೆ, ಅದನ್ನು ಸೇವಾ ಸಿಂಧುವಿನಲ್ಲಿ ಬಿಡಿಸಬೇಕು, ಆಮೇಲೆ ನೀವು ನಿಮ್ಮ ಆಧಾರ್ ಹಾಕಿ ಅರ್ಜಿ ಕೊಡಬೇಕು. ಬಿಡಿಸದಿದ್ದರೆ ಆಕೆಗೆ ಹುಬ್ಬಳ್ಳಿಯ ಮನೆಯಲ್ಲಿ ಅರ್ಜಿ ಹಾಕುವಾಗ ತೊಂದರೆ. ಗ್ಯಾಸ್ ಕನೆಕ್ಷನ್ ಯಾರ ಹೆಸರಲ್ಲಿದೆ ನೋಡಿ. ಆಕೆಯ ಹೆಸರಲ್ಲಿದ್ದರೆ ಸಿಲಿಂಡರ್ ಖಾಲಿಯಾಗುವವರೆಗೆ ಕಾಯದೆ ಈಗಲೇ ಏಜೆನ್ಸಿಗೆ ಹೋಗಿ ವಿಚಾರಿಸಿ.

ಬರೆಯುವುದು ಯಾವಾಗ ಅಂತ ಕೇಳಿದ್ದಿರಿ. ಲಾರಿ ಬರುವ ಹಿಂದಿನ ರಾತ್ರಿ ಬೇಡ. ಆ ರಾತ್ರಿ ಅಳು ಬರುತ್ತದೆ, ಅಳು ಬಂದರೆ "ಎಂದೆಂದಿಗೂ" ಬರುತ್ತದೆ. ಒಂದು ವಾರ ಮುಂಚೆ ಬರೆದು, ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಿ. ಓದುವಾಗ ನಾಲಿಗೆ ಎಲ್ಲಿ ತಡವರಿಸುತ್ತದೋ, ಅಲ್ಲಿ ನೀವು ಮಾತಾಡದ ಮಾತು ಬರೆದಿದ್ದೀರಿ ಅಂತ ಅರ್ಥ, ಅದನ್ನು ಹೊಡೆದುಹಾಕಿ. ಮೇಲೆ ನಾನು ಕೊಟ್ಟದ್ದನ್ನೂ ಹಾಗೇ ಓದಿ ನಿಮ್ಮ ಬಾಯಿಗೆ ಹೊಂದಿಸಿಕೊಳ್ಳಿ, ಇದ್ದಹಾಗೆ ನಕಲು ಮಾಡಬೇಡಿ. ನೀವು "ತಾಸು" ಅನ್ನದೆ "ಗಂಟೆ" ಅನ್ನುವವರಾದರೆ ಗಂಟೆ ಅಂತಲೇ ಬರೆಯಿರಿ.

ಕೈಯಿಂದಲೇ ಬರೆಯಿರಿ, ಬಾಲ್ ಪೆನ್ನಿನಲ್ಲಿ. ಜೆಲ್ ಪೆನ್ನಿನ ಶಾಯಿ ಎಷ್ಟೋ ಸಲ ಒದ್ದೆ ಕೈ ತಾಗಿದರೂ ಹರಡುತ್ತದೆ, ಸಾಮಾನು ಸಾಗಿಸುವಾಗ ನೀರು ತಾಗುವುದು ಇದ್ದದ್ದೇ. ಹಾಳೆಯ ಒಂದೇ ಮಗ್ಗುಲಿಗೆ ಮುಗಿಯಬೇಕು. ಕೈಗೆ ಕೊಟ್ಟು ಎದುರಿಗೆ ನಿಲ್ಲಬೇಡಿ, ಓದುವವರಿಗೆ ಮುಖ ಎಲ್ಲಿಡಬೇಕು ಗೊತ್ತಾಗುವುದಿಲ್ಲ. ಬಟ್ಟೆಯ ಬ್ಯಾಗಿಗೆ ಹಾಕಿದರೆ ತಿಂಗಳುಗಟ್ಟಲೆ ಸಿಗದೇ ಇರಬಹುದು. ಹೊಸ ಮನೆಯಲ್ಲಿ ಮೊದಲು ಬಿಚ್ಚುವುದು ಟೀ ಮಾಡುವ ಸಾಮಾನು, ಆ ರಟ್ಟಿನ ಡಬ್ಬಿಯಲ್ಲಿ ಮೇಲೆಯೇ ಇಡಿ. ಆಕೆಯಿಂದ ಫೋನ್ ಬಂದು ಚೀಟಿಯ ಸುದ್ದಿ ಎತ್ತದಿದ್ದರೆ "ಓದಿದ್ಯಾ?" ಅಂತ ಕೇಳಲು ಹೋಗಬೇಡಿ, ಹಾಗೆಯೇ ಅದರ ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಬೇಡಿ.